ರೈಡ್, ಟ್ಯಾಕಲ್ ಸರಾಸರಿ ಕೂಡಿಸಿದ್ರೆ ಟೋಟಲ್ ಯಾಕೆ ಯಾವಾಗ್ಲೂ ಕಮ್ಮಿ ಬರುತ್ತೆ?

ಪ್ರಶ್ನೆ: ಸರ್, ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿರೋದು, ಇಲ್ಲಿ ಲೈಸೆನ್ಸ್ ಇರೋ ಬುಕ್‌ಮೇಕರ್ ಹತ್ರ ಪ್ರೊ ಕಬಡ್ಡಿ ಮೇಲೆ ಸಣ್ಣದಾಗಿ ಕಟ್ತೀನಿ. ಎರಡೂ ಟೀಮಿನ ರೈಡ್ ಪಾಯಿಂಟ್ ಸರಾಸರಿ, ಟ್ಯಾಕಲ್ ಪಾಯಿಂಟ್ ಸರಾಸರಿ ಕೂಡಿಸಿ ನೋಡಿದ್ರೆ ಪ್ರತಿ ಸಲ ಅವರು ಪಂದ್ಯದ ಒಟ್ಟು ಪಾಯಿಂಟಿಗೆ ಹಾಕಿರೋ ಲೈನ್‌ಗಿಂತ ಕಮ್ಮಿನೇ ಬರುತ್ತೆ, ಅದಕ್ಕೆ ಟೋಟಲ್ ಲೈನ್ ಕೆಳಗೇ ಇರುತ್ತೆ ಅಂತ ಅಂಡರ್ ಕಟ್ತೀನಿ, ಸೋಲ್ತೀನಿ. ಹ್ಯಾಂಡಿಕ್ಯಾಪ್‌ಗೂ ಇದೇ ಲೆಕ್ಕ ಹಾಕ್ತೀನಿ. ಎಲ್ಲಿ ತಪ್ಪಾಗ್ತಿದೆ?

ಉತ್ತರ:

ನಿಮ್ಮ ಲೆಕ್ಕದಲ್ಲಿ ಎರಡು ತಪ್ಪಿದೆ, ಒಂದು ಚಿಕ್ಕದು ಒಂದು ದೊಡ್ಡದು. ಚಿಕ್ಕದನ್ನ ಐದು ನಿಮಿಷದಲ್ಲಿ ಸರಿ ಮಾಡ್ಕೋಬಹುದು, ದೊಡ್ಡದನ್ನ ಅರ್ಥ ಮಾಡ್ಕೊಳ್ಳೋಕೆ ಸ್ವಲ್ಪ ಕೂತು ಯೋಚನೆ ಮಾಡ್ಬೇಕು. ಅದಕ್ಕೂ ಮುಂಚೆ ಇದನ್ನ ಓದ್ತಿರೋ ಊರಿನವರಿಗೆ ಒಂದು ಮಾತು. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಪಾಸಾದ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧ ಮಾಡಿದೆ, ಬೆಟ್ಟಿಂಗೂ ಅದರಲ್ಲೇ ಬರುತ್ತೆ. ಅಲ್ಲಿರೋರು ಈ ಲೆಕ್ಕನ ಪಂದ್ಯ ಅರ್ಥ ಮಾಡ್ಕೊಳ್ಳೋಕೆ ಮಾತ್ರ ಇಟ್ಕೊಳ್ಳಿ.

ಮೊದಲು ಚಿಕ್ಕದು. ಸ್ಕೋರ್‌ಬೋರ್ಡಲ್ಲಿ ಬರೋ ಪಾಯಿಂಟು ಬರೀ ರೈಡು ಟ್ಯಾಕಲ್‌ನಿಂದ ಬರೋದಲ್ಲ, ಆಲ್ ಔಟ್‌ಗೆ 2 ಪಾಯಿಂಟ್ ಬೇರೆ ಸಿಗುತ್ತೆ, ಅದರ ಮೇಲೆ ಎಕ್ಸ್‌ಟ್ರಾ ಅಂತ ಒಂದು ಕಾಲಂ ಇದೆ, ಟೆಕ್ನಿಕಲ್ ಪಾಯಿಂಟ್ ಅಂಥವೆಲ್ಲ ಅದಕ್ಕೆ ಬೀಳುತ್ತೆ. ಟೀಮಿನ ಅಂಕಿಅಂಶದ ಪುಟದಲ್ಲಿ ಇವೆರಡೂ ಬೇರೆ ಬೇರೆ ಸಾಲಲ್ಲಿ ಇರೋದ್ರಿಂದ ಕಣ್ಣಿಗೆ ಬೀಳಲ್ಲ. ಒಂದು ಪಂದ್ಯದಲ್ಲಿ ಎರಡೂ ಕಡೆ ಸೇರಿ ಮೂರು ಆಲ್ ಔಟ್ ಆದ್ರೆ ಅಲ್ಲೇ 6 ಪಾಯಿಂಟ್, ಜೊತೆಗೆ ಎಕ್ಸ್‌ಟ್ರಾ ಒಂದೋ ಎರಡೋ. ನೀವು ಅಂಡರ್ ಅಂತ ಅಂದ್ಕೊಂಡಿದ್ದು ಆಟ ನಿಧಾನ ಆಗುತ್ತೆ ಅಂತ ಅಲ್ಲ, ಏಳೆಂಟು ಪಾಯಿಂಟ್ ಲೆಕ್ಕಕ್ಕೇ ತಗೊಂಡಿರ್ಲಿಲ್ಲ ಅಷ್ಟೇ.

ಈಗ ದೊಡ್ಡದು. ಟೀಮಿನ ರೈಡ್ ಸರಾಸರಿನ ಆ ಟೀಮಿನ ಸ್ವಂತ ಆಸ್ತಿ ಅನ್ನೋ ಥರ ನೋಡ್ತಿದ್ದೀರಿ. ಒಂದು ರೈಡ್ ಅಂದ್ರೆ ಏನು ಅಂತ ಯೋಚನೆ ಮಾಡಿ: ರೈಡರ್ ಒಳಗೆ ಹೋಗ್ತಾನೆ, 30 ಸೆಕೆಂಡ್, ಮುಟ್ಟಿ ಬಂದ್ರೋ ಬೋನಸ್ ಗೆರೆ ದಾಟಿ ಬಂದ್ರೋ ರೈಡ್ ಪಾಯಿಂಟ್, ಸಿಕ್ಕಿಬಿದ್ರೆ ಎದುರಾಳಿಗೆ ಟ್ಯಾಕಲ್ ಪಾಯಿಂಟ್, ಎರಡೂ ಇಲ್ಲ ಅಂದ್ರೆ ಎಂಪ್ಟಿ. ಅಂದ್ರೆ ಒಬ್ಬರ ರೈಡ್ ಪಾಯಿಂಟ್ ಇನ್ನೊಬ್ಬರ ಡಿಫೆನ್ಸ್ ಬಿಟ್ಟುಕೊಟ್ಟ ಪಾಯಿಂಟು, ಒಬ್ಬರ ಟ್ಯಾಕಲ್ ಪಾಯಿಂಟ್ ಇನ್ನೊಬ್ಬರ ರೈಡರ್ ಕೊಟ್ಟ ಪಾಯಿಂಟು. ಅದಕ್ಕೇ ಪ್ರತಿ ಟೀಮಿಗೆ ಎರಡಲ್ಲ, ನಾಲ್ಕು ಅಂಕಿ ಬೇಕು: ರೈಡಲ್ಲಿ ಗಳಿಸಿದ್ದು, ರೈಡಲ್ಲಿ ಬಿಟ್ಟುಕೊಟ್ಟಿದ್ದು, ಟ್ಯಾಕಲಲ್ಲಿ ಗಳಿಸಿದ್ದು, ಟ್ಯಾಕಲಲ್ಲಿ ಬಿಟ್ಟುಕೊಟ್ಟಿದ್ದು. ಬಿಟ್ಟುಕೊಟ್ಟ ಅಂಕಿ ಎಲ್ಲೂ ರೆಡಿ ಸಿಗದೇ ಇದ್ರೆ ಆ ಟೀಮಿನ ಹಿಂದಿನ ಪಂದ್ಯಗಳ ಸ್ಕೋರ್‌ಕಾರ್ಡ್ ತೆಗೆದು ಎದುರಾಳಿ ಕಾಲಂ ನೋಡಿ ಬರ್ಕೊಳ್ಳಿ, ಹತ್ತು ಪಂದ್ಯಕ್ಕೆ ಅರ್ಧ ಗಂಟೆ ಸಾಕು.

ಒಂದು ಉದಾಹರಣೆ ಮಾಡೋಣ. ಇವು ಯಾವ ನಿಜವಾದ ಟೀಮಿನ ಅಂಕಿನೂ ಅಲ್ಲ, ಲೆಕ್ಕ ತೋರಿಸೋಕೆ ಅಂತ ನಾನೇ ಇಟ್ಕೊಂಡಿರೋದು. ಲೀಗಿನಲ್ಲಿ ಒಂದು ಟೀಮಿನ ಸರಾಸರಿ ರೈಡಿಗೆ 19, ಟ್ಯಾಕಲ್‌ಗೆ 10, ಆಲ್ ಔಟ್‌ಗೆ 3, ಎಕ್ಸ್‌ಟ್ರಾ 1 ಅಂತ ಇರ್ಲಿ. ಮೊದಲನೇ ಟೀಮ್ ರೈಡರ್‌ಗಳ ಟೀಮು: ರೈಡಲ್ಲಿ 22 ಗಳಿಸುತ್ತೆ 20 ಬಿಡುತ್ತೆ, ಟ್ಯಾಕಲಲ್ಲಿ 9 ಗಳಿಸುತ್ತೆ 8 ಬಿಡುತ್ತೆ. ಎರಡನೇ ಟೀಮ್ ಡಿಫೆನ್ಸ್ ನಂಬಿರೋದು: ರೈಡಲ್ಲಿ 18 ಗಳಿಸುತ್ತೆ 17 ಬಿಡುತ್ತೆ, ಟ್ಯಾಕಲಲ್ಲಿ 12 ಗಳಿಸುತ್ತೆ 11 ಬಿಡುತ್ತೆ. ಬುಕ್‌ಮೇಕರ್ ಮೊದಲನೇ ಟೀಮಿಗೆ ಮೈನಸ್ 2.5 ಹ್ಯಾಂಡಿಕ್ಯಾಪ್ ಕೊಟ್ಟಿದ್ದಾನೆ, ಅಂದ್ರೆ ಆ ಟೀಮಿನ ಮೇಲೆ ಕಟ್ಟಿದ್ದು ಗೆಲ್ಲೋಕೆ ಅದು 3 ಅಥವಾ ಜಾಸ್ತಿ ಪಾಯಿಂಟಿಂದ ಗೆಲ್ಲಬೇಕು, ಟೋಟಲ್ ಲೈನ್ 64.5, ಎಲ್ಲದಕ್ಕೂ ರೇಟು 1.90.

ನಿಮ್ಮ ರೀತಿಲಿ ಮಾಡಿದ್ರೆ ಮೊದಲನೇದು 22 ಮತ್ತೆ 9, ಅಂದ್ರೆ 31. ಎರಡನೇದು 18 ಮತ್ತೆ 12, ಅಂದ್ರೆ 30. ಟೋಟಲ್ 61, ಲೈನ್ 64.5, ಅಂಡರ್! ನೀವು ಪ್ರತಿ ಸಲ ಸಿಕ್ಕಿಬೀಳ್ತಿರೋದು ಇಲ್ಲೇ.

ಸರಿಯಾದ ದಾರಿ ಹೇಗೆ ಅಂದ್ರೆ, ಒಂದು ಟೀಮ್ ಗಳಿಸೋದನ್ನೂ ಎದುರಾಳಿ ಬಿಟ್ಟುಕೊಡೋದನ್ನೂ ಜೋಡಿ ಮಾಡಿ ಎರಡರ ಮಧ್ಯದ ಅಂಕಿ ತಗೊಳ್ಳೋದು. ಮೊದಲನೇ ಟೀಮಿನ ರೈಡಿಗೆ 22 ಮತ್ತೆ 17ರ ಮಧ್ಯ, 19.5. ಎರಡನೇದರ ರೈಡಿಗೆ 18 ಮತ್ತೆ 20ರ ಮಧ್ಯ, 19. ಮೊದಲನೇದರ ಟ್ಯಾಕಲ್‌ಗೆ 9 ಮತ್ತೆ 11, ಅಂದ್ರೆ 10. ಎರಡನೇದರ ಟ್ಯಾಕಲ್‌ಗೆ 12 ಮತ್ತೆ 8, ಅದೂ 10. ಆಲ್ ಔಟ್‌ಗೂ ಇದೇ ಥರ ಗಳಿಸಿದ್ದು ಬಿಟ್ಟಿದ್ದು ಜೋಡಿ ಮಾಡಿದಾಗ ಮೊದಲನೇದಕ್ಕೆ 2.6, ಎರಡನೇದಕ್ಕೆ 2.9 ಬಂತು ಅಂತಿಟ್ಕೊಳ್ಳಿ, ಎಕ್ಸ್‌ಟ್ರಾ ತಲಾ 1. ಕೂಡಿಸಿದ್ರೆ 33.1 ಮತ್ತೆ 32.9. ಟೋಟಲ್ 66, ವ್ಯತ್ಯಾಸ 0.2. ನೀವು ಅಂಡರ್ ಅಂತ ಹೊರಟ ಪಂದ್ಯ ಈಗ ಓವರ್ ಕಡೆ ವಾಲಿದೆ, ಒಂದು ಕಡೆ ಫೇವರಿಟ್ ಅಂತಿದ್ದ ಟೀಮು ಸರಿಸಮ ಆಗ್ಬಿಟ್ಟಿದೆ.

ಮಧ್ಯದ ಅಂಕಿನೇ ಯಾಕೆ ಅಂತ ಕೇಳ್ಬಹುದು. ಕೆಲವರು ಇದನ್ನ ಬೇರೆ ಥರ ಮಾಡ್ತಾರೆ, 22ಕ್ಕೆ 17 ಕೂಡಿಸಿ ಲೀಗ್ ಸರಾಸರಿ 19 ಕಳೀತಾರೆ, ಆಗ 20 ಬರುತ್ತೆ. ಅದು ಎರಡೂ ಟೀಮಿನ ಏರುಪೇರನ್ನ ಪೂರ್ತಿ ನಂಬೋ ಲೆಕ್ಕ. ಮಧ್ಯದ ಅಂಕಿ ಅಂದ್ರೆ ಆ ಏರುಪೇರನ್ನ ಅರ್ಧ ಮಾತ್ರ ನಂಬೋದು. ಆರೇಳು ಪಂದ್ಯ ಆಡಿರೋ ಟೀಮಿನ ಸರಾಸರಿ 22 ಅಂದ್ರೆ ಅದರಲ್ಲಿ ಒಂದು ಹುಚ್ಚು ಪಂದ್ಯ ಸೇರಿರ್ಬಹುದು. 2019ರ ಅಕ್ಟೋಬರ್‌ನಲ್ಲಿ ನಮ್ಮ ಪವನ್ ಸೆಹ್ರಾವತ್ ಹರಿಯಾಣ ಸ್ಟೀಲರ್ಸ್ ಮೇಲೆ ಒಬ್ಬನೇ 39 ರೈಡ್ ಪಾಯಿಂಟ್ ಹೊಡೆದ್ನಲ್ಲ, ಬೆಂಗಳೂರು ಬುಲ್ಸ್ 59-36 ಅಂತ ಗೆದ್ದಿದ್ದು, ಅಂಥ ಒಂದು ಪಂದ್ಯ ಹತ್ತರ ಸರಾಸರಿಲಿ ಸೇರ್ಕೊಂಡ್ರೆ ಸಾಕು ಟೀಮಿನ ಅಂಕಿ ಸುಮಾರು ಎರಡು ಪಾಯಿಂಟ್ ಮೇಲೆ ಹೋಗುತ್ತೆ, ಮುಂದಿನ ಪಂದ್ಯಕ್ಕೆ ಅದರಿಂದ ಏನೂ ಗೊತ್ತಾಗಲ್ಲ. ಸೀಸನ್ ಅರ್ಧ ದಾಟಿದ ಮೇಲೆ ನಾನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನಂಬ್ತೀನಿ, ಪೂರ್ತಿ ಯಾವತ್ತೂ ನಂಬಲ್ಲ.

ಟೋಟಲ್‌ಗೆ ಇನ್ನೊಂದು ತೊಡಕಿದೆ. ಬುಕ್‌ಮೇಕರ್ ಲೈನ್ ಹಾಕೋದು ಸರಾಸರಿಗಲ್ಲ, ಅರ್ಧ ಸಲ ಮೇಲೆ ಅರ್ಧ ಸಲ ಕೆಳಗೆ ಬೀಳೋ ಜಾಗಕ್ಕೆ. ಕಬಡ್ಡಿಲಿ ಇವೆರಡೂ ಒಂದೇ ಅಲ್ಲ, ಯಾಕಂದ್ರೆ ಟೋಟಲ್ ಕೆಳಗೆ ಹೋಗೋಕೆ ಒಂದು ಮಿತಿ ಇದೆ, ಮೇಲೆ ಹೋಗೋಕೆ ಇಲ್ಲ. ಪ್ರೊ ಕಬಡ್ಡಿಯ 12 ಫೈನಲ್‌ಗಳನ್ನೇ ನೋಡಿ. ಅತಿ ಕಮ್ಮಿ ಅಂದ್ರೆ ಹತ್ತನೇ ಸೀಸನ್ನಿನ ಪುಣೆರಿ ಪಲ್ಟನ್, ಹರಿಯಾಣ ಪಂದ್ಯ, 28-25, ಒಟ್ಟು 53. ಅತಿ ಜಾಸ್ತಿ ಅಂದ್ರೆ ಐದನೇ ಸೀಸನ್, ಪಟ್ನಾ ಪೈರೇಟ್ಸ್ 55, ಗುಜರಾತ್ 38, ಒಟ್ಟು 93. ಎಲ್ಲಾ 12ರ ಸರಾಸರಿ 66ರ ಹತ್ತಿರ, ಆ ಒಂದು 93 ತೆಗೆದ್ರೆ 63ಕ್ಕೆ ಇಳಿಯುತ್ತೆ, ಸಾಲಾಗಿ ಜೋಡಿಸಿ ನಡುವಿನ ಅಂಕಿ ನೋಡಿದ್ರೆ 64. ಒಂದು ಪಂದ್ಯ ಸರಾಸರಿನ ಎರಡೂವರೆ ಪಾಯಿಂಟ್ ಎಳೆದಿದೆ. ಫೈನಲ್ ಅಂದ್ರೆ ಹೆಚ್ಚುಕಮ್ಮಿ ಸಮಬಲದ ಟೀಮುಗಳು, ಬಿಗಿಯಾಗಿ ಆಡ್ತಾರೆ, ಹಂಗಾಗಿ ಇದನ್ನೇ ಲೀಗ್ ಪಂದ್ಯಕ್ಕೆ ಹಾಕ್ಬೇಡಿ, ಆದ್ರೆ ಎಳೆತ ಯಾವ ಕಡೆಗೆ ಅನ್ನೋದು ಕಾಣುತ್ತೆ. ಅದಕ್ಕೆ ನನ್ನ ಲೆಕ್ಕದಲ್ಲಿ ಬಂದ ಟೋಟಲ್‌ನಿಂದ ಒಂದು ಪಾಯಿಂಟ್ ಕಡಿಮೆ ಮಾಡಿನೇ ಲೈನ್ ಜೊತೆ ಹೋಲಿಸ್ತೀನಿ. ನಮ್ಮ ಉದಾಹರಣೆಲಿ 66 ಈಗ 65 ಆಯ್ತು, ಲೈನ್ 64.5, ಅಂತರ ಅರ್ಧ ಪಾಯಿಂಟ್.

ಅರ್ಧ ಪಾಯಿಂಟಿಗೆ ಬೆಲೆ ಎಷ್ಟು? ಆ ಫೈನಲ್‌ಗಳಲ್ಲಿ ನೋಡಿದ್ರಲ್ಲ, ಫಲಿತಾಂಶ ಅಂದಾಜಿನಿಂದ 10 ಪಾಯಿಂಟ್ ಆಚೀಚೆ ಹೋಗೋದು ಮಾಮೂಲಿ. ಹರಡಿಕೆ ಇಷ್ಟಿರುವಾಗ ನಿಮ್ಮ ಅಂದಾಜಿಗೂ ಲೈನಿಗೂ ಇರೋ ಒಂದೊಂದು ಪಾಯಿಂಟ್ ಅಂತರಕ್ಕೆ ಗೆಲ್ಲೋ ಸಾಧ್ಯತೆ ನೂರಕ್ಕೆ ಸುಮಾರು 4 ಜಾಸ್ತಿ ಆಗುತ್ತೆ, ಲೈನ್ ಹತ್ತಿರದಲ್ಲಿ ಇರೋವರೆಗೆ ಈ ಅಂದಾಜು ನಡೆಯುತ್ತೆ. ಅರ್ಧ ಪಾಯಿಂಟ್ ಅಂದ್ರೆ 50ರ ಮೇಲೆ 2, ನೂರಕ್ಕೆ 52. ರೇಟು 1.90 ಇದ್ರೆ ಕೈಯಿಂದ ಹೋಗದೇ ಇರೋಕೇ ನೂರಕ್ಕೆ 52.6 ಸಲ ಗೆಲ್ಲಬೇಕು (1ನ್ನ 1.90ರಿಂದ ಭಾಗಿಸಿ ನೋಡಿ). ಅಂದ್ರೆ ಓವರ್‌ನಲ್ಲೂ ಏನೂ ಇಲ್ಲ.

ಈಗ ಹ್ಯಾಂಡಿಕ್ಯಾಪ್‌ಗೆ ಬರೋಣ, ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇದು. ನಮ್ಮ ಲೆಕ್ಕದಲ್ಲಿ ವ್ಯತ್ಯಾಸ 0.2, ಬುಕ್‌ಮೇಕರ್ 2.5 ಅಂತಾನೆ. ಎರಡನೇ ಟೀಮ್ ಪ್ಲಸ್ 2.5ಕ್ಕೆ 2.3 ಪಾಯಿಂಟ್ ಅಂತರ ಇದೆ, ನಾಲ್ಕರ ಲೆಕ್ಕದಲ್ಲಿ ನೂರಕ್ಕೆ 59. ಇಷ್ಟು ದೊಡ್ಡ ಅಂತರ ಕಂಡಾಗ ಖುಷಿ ಪಡಬೇಡಿ, ಮೊದಲು ನಿಮ್ಮ ಅಂಕಿ ಮೇಲೆ ಅನುಮಾನ ಪಡಿ. ಬುಕ್‌ಮೇಕರ್‌ಗೆ ಗೊತ್ತಿದ್ದು ನಿಮ್ಮ ಸರಾಸರಿಗೆ ಗೊತ್ತಿಲ್ಲದೇ ಇರೋದು ಏನೋ ಇದೆ ಅಂತ ಹುಡುಕಿ, ಹತ್ತರಲ್ಲಿ ಎಂಟು ಸಲ ಅದು ಆಡೋ ಏಳು ಜನರ ಪಟ್ಟಿಲೇ ಸಿಗುತ್ತೆ.

ಎರಡನೇ ಟೀಮಿನ ಲೆಫ್ಟ್ ಕಾರ್ನರ್ ಗಾಯ ಆಗಿ ಕೂತಿದ್ದಾನೆ ಅಂತಿಟ್ಕೊಳ್ಳಿ. ಅವನಿಲ್ಲದೇ ಆಡಿದ ಪಂದ್ಯಗಳನ್ನ ನೋಡಿ, ಟ್ಯಾಕಲ್ ಸರಾಸರಿ 12ರಿಂದ 10.5ಕ್ಕೆ, ರೈಡಲ್ಲಿ ಬಿಟ್ಟುಕೊಡೋದು 17ರಿಂದ 18.5ಕ್ಕೆ ಅಂತ ತಿದ್ದಿದ್ರಿ. ಮತ್ತೆ ಲೆಕ್ಕ ಹಾಕಿ: ಮೊದಲನೇದರ ರೈಡು 22 ಮತ್ತೆ 18.5ರ ಮಧ್ಯ 20.25, ಎರಡನೇದರ ಟ್ಯಾಕಲ್ 10.5 ಮತ್ತೆ 8ರ ಮಧ್ಯ 9.25. ಈಗ ಸ್ಕೋರು 33.85 ಮತ್ತೆ 32.15. ವ್ಯತ್ಯಾಸ 0.2 ಇದ್ದಿದ್ದು 1.7 ಆಯ್ತು. ಟೋಟಲ್ ನೋಡಿ, ಮೊದಲು 66 ಇತ್ತು, ಈಗಲೂ 66!

ಇದು ಕಾಕತಾಳೀಯ ಅಲ್ಲ. ಒಳ್ಳೆ ಡಿಫೆಂಡರ್ ಹೊರಗಿದ್ದಾಗ ಹಿಡೀಬೇಕಾಗಿದ್ದ ರೈಡರ್ ತಪ್ಪಿಸ್ಕೊಂಡು ಹೋಗ್ತಾನೆ, ಒಂದು ಟ್ಯಾಕಲ್ ಪಾಯಿಂಟು ಇವರ ಖಾತೆಯಿಂದ ಹೋಗಿ ಒಂದು ರೈಡ್ ಪಾಯಿಂಟಾಗಿ ಅವರ ಖಾತೆಗೆ ಬೀಳುತ್ತೆ. ವ್ಯತ್ಯಾಸ ಎರಡು ಪಾಯಿಂಟ್ ಅಲ್ಲಾಡುತ್ತೆ, ಮೊತ್ತ ಇದ್ದಲ್ಲೇ ಇರುತ್ತೆ. ಸ್ಟಾರ್ ಡಿಫೆಂಡರ್ ಇಲ್ಲ, ಅದಕ್ಕೆ ಓವರ್ ಅಂತ ಜನ ಓಡ್ತಾರಲ್ಲ, ಆ ಸುದ್ದಿ ಇರೋದು ಹೆಚ್ಚಾಗಿ ಹ್ಯಾಂಡಿಕ್ಯಾಪ್‌ಗೆ, ಟೋಟಲ್‌ಗೆ ಅಲ್ಲ. ಆಲ್ ಔಟ್ ಒಂದು ಜಾಸ್ತಿ ಆದ್ರೆ ಮೊತ್ತ ಸ್ವಲ್ಪ ಏರಬಹುದು, ಅಷ್ಟೇ.

ನಮ್ಮ ಪಂದ್ಯದಲ್ಲಿ ಈಗ ಪ್ಲಸ್ 2.5ಕ್ಕೆ ಉಳಿದಿರೋ ಅಂತರ 0.8, ಅಂದ್ರೆ ನೂರಕ್ಕೆ 53, ಬೇಕಾಗಿರೋದು 52.6. ಇಷ್ಟು ಕಡಿಮೆ ಅಂತರಕ್ಕೆ ನಾನು ಕಟ್ಟಲ್ಲ, ಯಾಕಂದ್ರೆ ಆ 10.5, 18.5 ಅನ್ನೋ ತಿದ್ದುಪಡಿಲೇ ಅರ್ಧ ಪಾಯಿಂಟ್ ತಪ್ಪಿರುತ್ತೆ. ಈ ಪಂದ್ಯ ಪೂರ್ತಿ ಬಿಟ್ಟುಬಿಡೋದೇ.

ಹಂಗಾದ್ರೆ ಟೋಟಲ್ ಯಾವುದರಿಂದ ಅಲ್ಲಾಡುತ್ತೆ? ಎಂಪ್ಟಿ ರೈಡ್‌ಗಳಿಂದ. 40 ನಿಮಿಷದ ಆಟ, 30 ಸೆಕೆಂಡಿಗೆ ಒಂದು ರೈಡ್ ಅಂದ್ರೆ 80 ರೈಡು. ಮೇಲಿನ ಲೆಕ್ಕದಲ್ಲಿ ರೈಡು ಟ್ಯಾಕಲ್ ಸೇರಿ 58.5 ಪಾಯಿಂಟ್ ಬಂತಲ್ಲ, 80ರಲ್ಲಿ 32 ಎಂಪ್ಟಿ ಹೋಗಿ ಉಳಿದ 48 ರೈಡಿಗೆ ತಲಾ ಸುಮಾರು 1.2 ಪಾಯಿಂಟ್ ಅಂತ ತಗೊಂಡ್ರೆ ಸರಿಹೋಗುತ್ತೆ. ಎರಡೂ ಟೀಮು ಮೊದಲೆರಡು ರೈಡ್ ಸುಮ್ಮನೆ ಗೆರೆ ದಾಟಿ ವಾಪಸ್ ಬಂದು, ಮೂರನೇ ಡು ಆರ್ ಡೈ ರೈಡಲ್ಲಿ ಮಾತ್ರ ಕೈ ಹಾಕೋ ಸ್ವಭಾವದವು ಅಂದ್ರೆ ಎಂಪ್ಟಿ ತಲಾ ನಾಲ್ಕು ಜಾಸ್ತಿ ಆದ್ರೂ ಒಟ್ಟು ಎಂಟು ರೈಡು ಖಾಲಿ, ಹತ್ತಿರ ಹತ್ತಿರ 10 ಪಾಯಿಂಟ್ ಮಾಯ. ರೈಡ್ ಸರಾಸರಿ ಮಾತ್ರ ನೋಡ್ದವರಿಗೆ ಇದು ಕಾಣಲ್ಲ. ಅದಕ್ಕೆ ಟೋಟಲ್‌ಗೆ ಕಟ್ಟೋ ಮುಂಚೆ ಎರಡೂ ಟೀಮಿನ ಎಂಪ್ಟಿ ರೈಡ್ ಪಂದ್ಯಕ್ಕೆ ಎಷ್ಟು ಅಂತ ನೋಡಿ, ಹಾಗೇ ಅವರ ಎದುರಾಳಿಗಳು ಅವರ ಮೇಲೆ ಎಷ್ಟು ಎಂಪ್ಟಿ ಮಾಡಿದ್ದಾರೆ ಅಂತನೂ ನೋಡಿ. ನಿಧಾನದ ಟೀಮು ಎದುರಾಳಿನೂ ನಿಧಾನ ಮಾಡುತ್ತೆ, ಯಾಕಂದ್ರೆ ಲೀಡಲ್ಲಿರೋ ಡಿಫೆನ್ಸ್ ಮುನ್ನುಗ್ಗದೇ ಕಾರ್ನರ್‌ನಲ್ಲಿ ಸುಮ್ಮನೆ ನಿಂತ್ರೆ ರೈಡರ್‌ಗೆ ಮುಟ್ಟೋಕೆ ಯಾರೂ ಸಿಗಲ್ಲ.

ಟ್ಯಾಕಲ್ ಸರಾಸರಿ ನೋಡುವಾಗ ಸೂಪರ್ ಟ್ಯಾಕಲ್ ಬೇರೆ ಮಾಡ್ಕೊಳ್ಳಿ. ಮ್ಯಾಟ್ ಮೇಲೆ ಮೂರು ಜನ ಅಥವಾ ಕಮ್ಮಿ ಇದ್ದಾಗ ಹಿಡಿದ್ರೆ 2 ಪಾಯಿಂಟ್. ಒಂದು ಟೀಮಿನ 12 ಟ್ಯಾಕಲ್ ಪಾಯಿಂಟಲ್ಲಿ ಮೂರು ಸೂಪರ್ ಟ್ಯಾಕಲ್ ಇದ್ರೆ ಅವರು ಹಿಡಿದದ್ದು 9 ರೈಡ್ ಮಾತ್ರ, ಮತ್ತೆ ಅವರು ಪಂದ್ಯದ ತುಂಬಾ ಹೊತ್ತು ಮೂರೇ ಜನ ಇಟ್ಕೊಂಡು ನಿಂತಿದ್ರು ಅಂತ ಅರ್ಥ. ಅದು ಗಟ್ಟಿ ಡಿಫೆನ್ಸ್ ಅಲ್ಲ, ಆಲ್ ಔಟ್ ಅಂಚಲ್ಲಿ ಬದುಕ್ತಿರೋ ಟೀಮು. ಒಂದೆರಡು ಸೂಪರ್ ಟ್ಯಾಕಲ್ ಕೈ ತಪ್ಪಿದ ದಿನ ಅವರ 4 ಪಾಯಿಂಟ್ ಹೋಗೋದ್ರ ಜೊತೆ ಆಲ್ ಔಟೂ ಆಗುತ್ತೆ, ಏಳೂ ಜನ ವಾಪಸ್ ಬರೋಷ್ಟ್ರಲ್ಲಿ ಹ್ಯಾಂಡಿಕ್ಯಾಪ್ ಮುಗಿದಿರುತ್ತೆ. ಐದನೇ ಸೀಸನ್ನಿನ ಎಲಿಮಿನೇಟರ್‌ನಲ್ಲಿ ಪರ್ದೀಪ್ ನರ್ವಾಲ್ 34 ರೈಡ್ ಪಾಯಿಂಟ್ ತಗೊಂಡ ದಿನ ಪಟ್ನಾ 69-30 ಗೆದ್ದಿತ್ತು, 39ರ ಅಂತರ, ಆಲ್ ಔಟ್ ಮೇಲೆ ಆಲ್ ಔಟ್ ಬೀಳದೇ ಅಂಥ ಅಂತರ ಬರೋಕೆ ಆಗಲ್ಲ.

ಹಳೇ ಸೀಸನ್ ಅಂಕಿ ತಗೊಂಡು ಹ್ಯಾಂಡಿಕ್ಯಾಪ್ ಅಭ್ಯಾಸ ಮಾಡೋರಿಗೆ ಒಂದು ಎಚ್ಚರಿಕೆ. 11ನೇ ಸೀಸನ್‌ವರೆಗೂ 7 ಅಥವಾ ಅದಕ್ಕಿಂತ ಕಮ್ಮಿ ಅಂತರದಲ್ಲಿ ಸೋತ ಟೀಮಿಗೆ ಲೀಗ್ ಟೇಬಲ್ಲಲ್ಲಿ 1 ಪಾಯಿಂಟ್ ಸಿಗ್ತಿತ್ತು. ಹಂಗಾಗಿ 9 ಪಾಯಿಂಟ್ ಹಿಂದಿದ್ದ ಟೀಮು ಕೊನೇ ನಿಮಿಷದಲ್ಲಿ ಗೆಲ್ಲೋಕಲ್ಲ, 7ರೊಳಗೆ ಬರೋಕೆ ಹೋರಾಡ್ತಿತ್ತು, ಬಂದ ಮೇಲೆ ಅಲ್ಲೇ ಕಾಪಾಡ್ಕೊಳ್ತಿತ್ತು. 6.5, 7.5 ಅನ್ನೋ ಲೈನ್‌ಗಳ ಮಧ್ಯೆ ನಿಜವಾದ ವ್ಯತ್ಯಾಸ ಇತ್ತು. 2025ರ 12ನೇ ಸೀಸನ್ನಲ್ಲಿ ಗೆದ್ರೆ 2, ಸೋತ್ರೆ ಸೊನ್ನೆ ಅಂತ ಮಾಡಿದ್ರು, ಆ ಆಸೆ ಹೋಯ್ತು. ಅದೇ ಸೀಸನ್ನಿಂದ ಲೀಗ್ ಪಂದ್ಯ ಟೈ ಆದ್ರೂ ಐದೈದು ರೈಡಿನ ಟೈ ಬ್ರೇಕರ್ ಬಂತು. ಅದರ ಪಾಯಿಂಟು ಟೋಟಲ್‌ಗೆ ಸೇರುತ್ತಾ, ಇಲ್ಲ 40 ನಿಮಿಷದ ಸ್ಕೋರೇ ಕೊನೆಯಾ ಅನ್ನೋದನ್ನ ನಿಮ್ಮ ಬುಕ್‌ಮೇಕರ್‌ನ ಕಬಡ್ಡಿ ನಿಯಮಗಳಲ್ಲಿ ಓದ್ಕೊಳ್ಳಿ, ಟೈ ಆದ ಪಂದ್ಯದಲ್ಲಿ ಓವರ್ ಅಂಡರ್ ಇದರ ಮೇಲೇ ನಿಲ್ಲಬಹುದು.

ಈಗ ನೀವು ಮಾಡಬೇಕಾದ ಕೆಲಸ, ಮುಂದಿನ 30 ಪಂದ್ಯಕ್ಕೆ ದುಡ್ಡು ಕಟ್ಟದೇ ಬರೀ ಒಂದು ನೋಟ್‌ಬುಕ್ಕಲ್ಲಿ ನಿಮ್ಮ ಟೋಟಲ್, ನಿಮ್ಮ ವ್ಯತ್ಯಾಸ, ಪಂದ್ಯ ಶುರುವಾಗೋ ಮುಂಚಿನ ಕೊನೇ ಲೈನ್, ಆಮೇಲೆ ಬಂದ ಸ್ಕೋರ್ ಬರೀತಾ ಹೋಗಿ. ನಿಮ್ಮ ಅಂದಾಜು ಮತ್ತೆ ಮತ್ತೆ ಒಂದೇ ಕಡೆ ವಾಲ್ತಿದ್ರೆ, ಈಗ ಅಂಡರ್ ಕಡೆ ವಾಲ್ತಿತ್ತಲ್ಲ ಹಂಗೆ, ಲೆಕ್ಕದಲ್ಲಿ ಇನ್ನೂ ಏನೋ ಬಿಟ್ಟುಹೋಗಿದೆ ಅಂತ. ನಿಮ್ಮ ಅಂದಾಜು ಲೈನ್‌ನಿಂದ ದೂರ ಇದ್ದ ಪಂದ್ಯಗಳಲ್ಲಿ ಲೈನ್ ಆಮೇಲೆ ನಿಮ್ಮ ಕಡೆಗೆ ಸರಿದಿದೆಯಾ ಅಂತನೂ ನೋಡಿ, 30 ಪಂದ್ಯದ ಸೋಲು ಗೆಲುವಿಗಿಂತ ಅದು ಬೇಗ ಗೊತ್ತು ಮಾಡಿಸುತ್ತೆ. ಸರಿದಿಲ್ಲ ಅಂದ್ರೆ ನಿಮ್ಮ ಅಂಕಿಗಳಲ್ಲಿ ಬುಕ್‌ಮೇಕರ್‌ಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತ ಅರ್ಥ, ಆಗ ಕಟ್ಟೋದು ನಿಲ್ಲಿಸಿ.